ಭಾನುವಾರದ ಡಾಕ್ಟರು

ಉಪೇಂದ್ರ ವಾರದ ಆರು ದಿನ ಹೈದರಾಬಾದಿನ ಹೊರಗಿನ ಪಟಾನ್‌ಚೆರುವಿನ ಒಂದು ಔಷಧ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ದುಡಿಯುತ್ತಿದ್ದ. ಏಳನೆಯ ದಿನ ಡಾಕ್ಟರಾಗುತ್ತಿದ್ದ. ಹೀಗಂದರೆ ನೀವು ನಗಬಹುದು, ನಾವೂ ನಗುತ್ತಿದ್ದೆವು. ಕೃಷ್ಣಾನಗರದ ರೆಕಾರ್ಡಿಂಗ್ ಸ್ಟುಡಿಯೋದ ಬಾಗಿಲಲ್ಲಿ ಅವನು ಚಪ್ಪಲಿ ಬಿಡುವಾಗ ನಾನು, "ಬನ್ನಿ ಡಾಕ್ಟ್ರೇ, ಪೇಷೆಂಟುಗಳು ಕಾಯ್ತಾ ಇದಾರೆ" ಅನ್ನುತ್ತಿದ್ದೆ. "ರಾಯರ, ಎಸ್ಸೆಸ್ಸೆಲ್ಸಿ ಎರಡ ಸಲ ಕೂತವನ್ನ ಡಾಕ್ಟರ್ ಮಾಡೀರಿ, ಪುಣ್ಯಾ ಬರ್ತೈತಿ ನಿಮಗ" ಅನ್ನುತ್ತಿದ್ದ ಅವನು.

ಟೀವಿಯಲ್ಲಿ ಬೆಳಿಗ್ಗೆ ಭಕ್ತಿಗೀತೆ ಮುಗಿದ ಮೇಲೂ, ಮಧ್ಯಾಹ್ನ ಹೆಂಗಸರು ಊಟ ಮುಗಿಸಿ ಕಾಲು ಚಾಚುವ ಹೊತ್ತಿಗೂ ಅರ್ಧ ಗಂಟೆ ಬರುತ್ತಿದ್ದ ಜಾಹೀರಾತುಗಳು ನಿಮಗೆ ಗೊತ್ತಿರಬೇಕು. ಮಂಡಿ ನೋವಿನ ಎಣ್ಣೆ, ಬೊಕ್ಕತಲೆಯ ಎಣ್ಣೆ, ಹೊಟ್ಟೆ ಕರಗಿಸುವ ಬೆಲ್ಟು. ಅವೆಲ್ಲ ಮುಂಬೈಯಲ್ಲಿ ಹಿಂದಿಯಲ್ಲಿ ತಯಾರಾಗಿ, ಹೈದರಾಬಾದಿಗೆ ಬಂದು ತೆಲುಗಾಗಿ, ಕನ್ನಡವಾಗಿ ಹೊರಡುತ್ತಿದ್ದವು. ಕನ್ನಡದ ಮಾತು ಬರೆಯುವವನು ನಾನು, ಪದ್ಮನಾಭ. ಊರು ಮೈಸೂರು. ಕುಷಾಯಿಗೂಡದ ಬಳಿಯ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದು, ಸ್ವಯಂ ನಿವೃತ್ತಿ ತೆಗೆದುಕೊಂಡು, ಮನೆಯಲ್ಲಿ ಹೆಂಡತಿಯ ಕಣ್ಣಿಗೆ ಬೀಳದಿರಲು ಈ ಕೆಲಸ ಹಿಡಿದಿದ್ದೆ. ಹಿಂದಿಯ ತುಟಿ ಮುಚ್ಚಿದಾಗ ಕನ್ನಡದ ತುಟಿಯೂ ಮುಚ್ಚಬೇಕು, ಅಷ್ಟೇ ವಿದ್ಯೆ. ಏನು ಬರೆಯುತ್ತಿದ್ದೇನೆ ಅನ್ನುವುದು ಆ ವಿದ್ಯೆಯಲ್ಲಿ ಬರುತ್ತಿರಲಿಲ್ಲ.

ಉಪೇಂದ್ರನಿಗೆ ಡಾಕ್ಟರ ಪಾತ್ರ ಸಿಕ್ಕಿದ್ದು ಸಾಫ್ಟ್‌ವೇರಿನ ಪುಣ್ಯದಿಂದ. ಎರಡು ಸಾವಿರದ ಐದು, ಆರನೇ ಇಸವಿಯ ಮಾತು. ಒಳ್ಳೆಯ ಕಂಠದ ಕನ್ನಡದ ಹುಡುಗರೆಲ್ಲ ಗಚ್ಚಿಬೌಲಿಯ ಕಡೆ ಕಾಲ್ ಸೆಂಟರುಗಳಿಗೆ ಹೋಗಿಬಿಟ್ಟಿದ್ದರು. ಕಂಪನಿಯ ಕ್ಯಾಬು ಅವರನ್ನು ಮನೆಯಿಂದ ಎತ್ತಿಕೊಂಡು ಹೋಗುತ್ತಿತ್ತು, ನಮ್ಮ ಸ್ಟುಡಿಯೋಗೆ ಸಿಟಿ ಬಸ್ಸಿನಲ್ಲಿ ಯಾಕೆ ಬಂದಾರು? ಅಲ್ಲಿಯವರೆಗೆ ಜನಜಂಗುಳಿಯ ಗದ್ದಲಕ್ಕೂ ಪೊಲೀಸ್ ಪೇದೆಯ ಒಂದೆರಡು ಮಾತಿಗೂ ಬರುತ್ತಿದ್ದ ಉಪೇಂದ್ರ ಒಂದು ಭಾನುವಾರ ಮೈಕಿನ ಮುಂದೆ ನಿಂತ. ನಾನು ಗಾಜಿನ ಈಚೆ ಕೂತಿದ್ದೆ. ತಗ್ಗಿನ, ಬಿಸಿ ಆರದ, ಆತುರವಿಲ್ಲದ ದನಿ. ಕೇಳಿದರೆ ನಾಲಿಗೆ ಚಾಚಿ "ಆ" ಅನ್ನಬೇಕು ಅನ್ನಿಸುವಂಥದ್ದು. ಆವತ್ತಿನಿಂದ ಎಲ್ಲ ಬಿಳಿ ಕೋಟಿಗೂ ಅವನದೇ ದನಿ.

ಇದೇ ಮನುಷ್ಯನನ್ನು ಅವನ ಫ್ಯಾಕ್ಟರಿಯ ಬೆಲ್ಟಿನ ಮುಂದೆ ನೋಡಬೇಕಿತ್ತು. ಗುಳಿಗೆಯ ಪಟ್ಟಿಗಳು ಸಾಲಾಗಿ ಬರುತ್ತವೆ, ಒಂದರ ಮೇಲೆ ಬ್ಯಾಚ್ ನಂಬರು ಮಸುಕಾಗಿದ್ದರೆ ಬೆಲ್ಟು ನಿಲ್ಲಿಸಿ, ಹಿಂದಿನದನ್ನೆಲ್ಲ ಹೆಕ್ಕಿ ತೆಗೆದು, ಪುಸ್ತಕದಲ್ಲಿ ಬರೆದು ಸಹಿ ಹಾಕುವವನು ಅವನು. ಆ ಚಾಳಿ ಮನೆಯಲ್ಲೂ ಬಿಡುತ್ತಿರಲಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನೂ ಕನ್ನಡಕ ಏರಿಸಿ ತಾರೀಖು ಓದಿ ಒಡೆಯುತ್ತಿದ್ದ. "ನನ್ನ ಕಟ್ಟಿಕೊಳ್ಳೋ ಮುಂಚೆ ಹಿಂದ ಮುಂದ ತಿರುಗಿಸಿ ನೋಡ್ಯಾರ್ರಿ" ಎಂದು ಅವನ ಹೆಂಡತಿ ಪ್ರೇಮಾ ತಮಾಷೆ ಮಾಡುತ್ತಿದ್ದಳು. ಆರು ದಿನ ಬೆಣ್ಣೆಯಲ್ಲಿ ಕೂದಲು ಹುಡುಕುವ ಮನುಷ್ಯ, ಏಳನೇ ದಿನ ನಾನು ಕೊಟ್ಟ ಕಾಗದವನ್ನು ಕಣ್ಣು ಮುಚ್ಚಿ ಓದುತ್ತಿದ್ದ. ಅದು ಬೇರೆ, ಇದು ಬೇರೆ ಅಂತ ಅವನೂ ತಿಳಿದಿದ್ದ, ನಾನೂ ತಿಳಿದಿದ್ದೆ.

ಆಮೇಲೆ ಬಂತು ಸಕ್ಕರೆ ಕಾಯಿಲೆಯ ಪುಡಿ. ಅದಕ್ಕೊಂದು ದೊಡ್ಡ ಸಂಸ್ಕೃತದ ಹೆಸರಿತ್ತು. ಇಲ್ಲಿ ಬರೆಯುವುದಿಲ್ಲ, ನನ್ನ ಕೈಯಿಂದ ಅದಕ್ಕೆ ಆದ ಪ್ರಚಾರ ಸಾಕು.

ತೆರೆಯ ಮೇಲೆ ಒಬ್ಬ ಡಾಕ್ಟರು. ಕುತ್ತಿಗೆಗೆ ಸ್ಟೆಥಾಸ್ಕೋಪು, ಹಿಂದೆ ದಪ್ಪ ಪುಸ್ತಕಗಳ ಕಪಾಟು, ಪಕ್ಕದಲ್ಲಿ ಬಾಣದ ಗುರುತು ಕೆಳಗಿಳಿಯುವ ಒಂದು ನಕ್ಷೆ. ಆತ ಮುಂಬೈಯ ಸಣ್ಣಪುಟ್ಟ ಪಾತ್ರಗಳ ನಟ, ಹಿಂದಿನ ತಿಂಗಳು ಇನ್ನೊಂದು ಜಾಹೀರಾತಿನಲ್ಲಿ ಮಿಕ್ಸರ್ ಮಾರಿದ್ದ. ಆಮೇಲೆ ಗುಣ ಹೊಂದಿದವರ ಸಾಲು. ಹಿಂದಿಯಲ್ಲಿ ಕಾನ್ಪುರದ ವ್ಯಾಪಾರಿ ಎಂದಿದ್ದವನು ತೆಲುಗಿನಲ್ಲಿ ಗುಂಟೂರಿನ ರೈತನಾದ, ನನ್ನ ಕೈಯಲ್ಲಿ ಹುಬ್ಬಳ್ಳಿಯ ನಿವೃತ್ತ ಮೇಷ್ಟ್ರಾದ. ಮುಖ ಒಂದೇ. "ಹನ್ನೊಂದು ವರ್ಷದ ಕಾಯಿಲೆ ನಲವತ್ತು ದಿನದಲ್ಲಿ ಬೇರು ಸಮೇತ ಹೋಯಿತು" ಎಂದು ಅವನ ಬಾಯಿಗೆ ನಾನು ಹಾಕಿದೆ. ಬೇರು ಸಮೇತ ಅನ್ನುವುದು ಹಿಂದಿಯಲ್ಲಿ ಇರಲಿಲ್ಲ, ತುಟಿ ಇನ್ನೂ ಆಡುತ್ತಿತ್ತು, ಜಾಗ ತುಂಬಿಸಿದೆ.

ಏಜೆನ್ಸಿಯವರು ಈ ಸಲ ಒಂದು ಮಾತು ಹೇಳಿದ್ದರು. ಮಾಲು ಹೆಚ್ಚು ಹೋಗುವುದು ಗುಲ್ಬರ್ಗ, ರಾಯಚೂರು, ಬಿಜಾಪುರದ ಕಡೆ, ಡಾಕ್ಟರು ಆ ಕಡೆಯವರ ಹಾಗೆ ಮನೆಯ ಮಾತಾಡಲಿ. ನನಗೆ ಆ ಮಾತು ಬಾರದು. ಉಪೇಂದ್ರ ಶಹಾಪುರದವನು. ನನ್ನ ಸಾಲನ್ನು ನೋಡಿ, ಪೆನ್ನು ತೆಗೆದುಕೊಂಡು ತಿದ್ದಿದ. "ಅಕ್ಕಾರ, ಅಣ್ಣಾರ, ಹದಿನೈದು ದಿನಾ ಈ ಪುಡಿ ತಗೊಳ್ರಿ. ಆಮ್ಯಾಲ ನಿಮ್ಮ ಇಂಗ್ಲಿಷ್ ಗುಳಗಿ ಒಗೀರಿ ಆಚೆ. ಸಾಕು ನುಂಗಿದ್ದು." ಬರೆದು ಮುಗಿಸಿ ಸ್ವಲ್ಪ ಹೊತ್ತು ಕಾಗದ ನೋಡುತ್ತ ನಿಂತ.

"ರಾಯರ, ಗುಳಗಿ ಬಿಡ್ರಿ ಅಂತ ಹೇಳೂದು ಬ್ಯಾಡ ಅನಸ್ತೈತಿ. ನಮ್ಮ ಫ್ಯಾಕ್ಟರಿಯಾಗ ಆ ಗುಳಗಿ ಮಾಡ್ತೀವಿ ನಾವು. ನಮ್ಮ ಅಕ್ಕನೂ ಅದ ನುಂಗ್ತಾಳ."

ಹೊರಗೆ ತೆಲುಗಿನವರು ತಮ್ಮ ಸರದಿಗೆ ಕಾಯುತ್ತಿದ್ದರು. ನನಗೆ ಹಸಿವಾಗಿತ್ತು. "ನೀನೇನು ನಿಜವಾದ ಡಾಕ್ಟರಾ? ಬಾಯಷ್ಟೇ ನಿಂದು. ಓದಯ್ಯಾ" ಅಂದೆ.

ಓದಿದ. ಒಂದೇ ಟೇಕು.

ಗದಿಗೆಮ್ಮ ಉಪೇಂದ್ರನ ಅಕ್ಕ. ತಾಯಿ ಸತ್ತಾಗ ಅವನಿಗೆ ನಾಲ್ಕು, ಅವಳಿಗೆ ಹದಿಮೂರು. ಹೆತ್ತದ್ದೊಂದು ಬಿಟ್ಟು ತಾಯಿ ಮಾಡುವುದನ್ನೆಲ್ಲ ಅವಳು ಮಾಡಿದಳು. ಶಹಾಪುರದಲ್ಲಿ ಅಂಗನವಾಡಿ ಕಾರ್ಯಕರ್ತೆ. ಮಗ ಕಲ್ಲೇಶನದು ಬಸ್ ನಿಲ್ದಾಣದ ಬಳಿ ರೇಡಿಯೋ, ಟೀವಿ ರಿಪೇರಿ ಅಂಗಡಿ. ಓಣಿಯ ಹೆಂಗಸರಿಗೆ ಪೋಲಿಯೋ ಹನಿಯಿಂದ ಹಿಡಿದು ಬಾಣಂತನದವರೆಗೆ ಗದಿಗೆಮ್ಮ ಹೇಳಿದ್ದೇ ಮಾತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅಲ್ಲ ಅವಳು. ತಾಯತ ಕಟ್ಟುವವನನ್ನು ಓಣಿಯಿಂದ ಆಚೆ ಅಟ್ಟಿದವಳು. ಒಂಬತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ದಿನಕ್ಕೆ ಎರಡು ಥರದ ಗುಳಿಗೆ ತಪ್ಪದೆ ನುಂಗಿ ಹತೋಟಿಯಲ್ಲಿಟ್ಟುಕೊಂಡಿದ್ದಳು.

ಅಂಥವಳು ಒಂದು ಮಧ್ಯಾಹ್ನ ಅನ್ನದ ತಟ್ಟೆ ಹಿಡಿದು ಟೀವಿ ಮುಂದೆ ಕೂತಿದ್ದಾಗ ತಮ್ಮನ ದನಿ ಕೇಳಿದಳು. ಮುಖ ಬೇರೆ. ಆದರೆ ತಾನು ಮಾತು ಕಲಿಸಿದ ಬಾಯಿ ಅವಳಿಗೆ ತಿಳಿಯದೇ? ಹೈದರಾಬಾದಿಗೆ ಫೋನು ಮಾಡಿದಳು. ಉಪೇಂದ್ರ ಪಾಳಿಯಲ್ಲಿದ್ದ. ಪ್ರೇಮಾ ಎತ್ತಿದಳು.

"ಟೀವ್ಯಾಗ ಸಕ್ಕರಿ ಬ್ಯಾನಿ ಔಷಧದ ಬಗ್ಗೆ ಹೇಳೂದು ನಮ್ಮ ಉಪೇಂದ್ರ ಏನ?"

"ಹೌದ್ರಿ ಅಕ್ಕಾರ, ಅವರ! ಕೇಳಿದ್ರೇನು? ಭಾಳ ಚಂದ ಹೇಳ್ಯಾರಲ್ರಿ?" ಎಂದಳು ಪ್ರೇಮಾ. ಗಂಡ ಟೀವಿಯಲ್ಲಿ ಬಂದದ್ದು ಅವಳಿಗೆ ಹಿಗ್ಗು. ಪುಡಿಯ ಮಾತು ಇಬ್ಬರೂ ಎತ್ತಲಿಲ್ಲ. ಸಂಜೆ ಪ್ರೇಮಾ ಅವನಿಗೆ ಹೇಳಿದಳು, ಅಕ್ಕ ನಿಮ್ಮ ದನಿ ಗುರುತು ಹಿಡಿದರು ಅಂತ. ಅವನು ನಕ್ಕು ಊಟಕ್ಕೆ ಕೂತ.

ಅಲ್ಲಿ ಗದಿಗೆಮ್ಮ ಲೆಕ್ಕ ಹಾಕಿದ್ದು ಹೀಗೆ. ತಮ್ಮ ಇರುವುದು ಔಷಧ ಫ್ಯಾಕ್ಟರಿಯಲ್ಲಿ. ಔಷಧದ ಬಗ್ಗೆ ಹೇಳುತ್ತಿರುವವನು ತಮ್ಮನೇ, ಅವನ ಹೆಂಡತಿಯೇ ಹೌದೆಂದಳು. ಅಂದರೆ ಇದು ಅವರ ಫ್ಯಾಕ್ಟರಿಯದೇ ಹೊಸ ಔಷಧ. ಕೋಟು ಹಾಕಿದ ಡಾಕ್ಟರು ತೋರಿಕೆಗೆ, ಒಳಗಿನ ಮಾತು ತಮ್ಮನದು. ಹೊರಗಿನವರು ಯಾರೂ ಹೀಗೆ ಯೋಚಿಸಲಾರರು, ಹೊರಗಿನವರು ಇಷ್ಟು ಗಟ್ಟಿಯಾಗಿ ನಂಬಲೂ ಆರರು.

ಪುಡಿ ಅಂಚೆಯಲ್ಲಿ ಬಂತು. ಜೊತೆಗೆ ಒಂದು ಪುಸ್ತಿಕೆ. ಅನ್ನ ಬಿಡಿ, ಸಿಹಿ ಬಿಡಿ, ರಾತ್ರಿ ಒಂದೇ ರೊಟ್ಟಿ, ಬೆಳಗಿನ ಜಾವ ಮಣ್ಣಿನ ಮೇಲೆ ಬರಿಗಾಲಲ್ಲಿ ಒಂದು ಗಂಟೆ ನಡೆಯಿರಿ. ಹದಿನೈದು ದಿನ ಅವಳು ಪುಡಿಯನ್ನೂ ತಿಂದಳು, ಗುಳಿಗೆಯನ್ನೂ ನುಂಗಿದಳು, ಪಥ್ಯವನ್ನೂ ಮಾಡಿದಳು. ರಕ್ತ ತೋರಿಸಿದರೆ ಸಕ್ಕರೆ ಇಳಿದಿತ್ತು! ಇಳಿಯದೆ ಏನು ಮಾಡುತ್ತದೆ? ಅನ್ನ ಬಿಟ್ಟು, ಮೈಲಿ ನಡೆದು, ಮೇಲೆ ಗುಳಿಗೆ ನುಂಗಿದರೆ ಯಾರಿಗಾದರೂ ಇಳಿಯುತ್ತದೆ. ಪುಡಿಯ ಜಾಗದಲ್ಲಿ ಒಲೆಯ ಬೂದಿ ಇದ್ದರೂ ಇಳಿಯುತ್ತಿತ್ತು. ಆದರೆ ಹೆಸರು ಹೋದದ್ದು ಪುಡಿಗೆ. ಹದಿನಾರನೆಯ ದಿನ ಅವಳು ಗುಳಿಗೆ ಬಿಟ್ಟಳು. ಓಣಿಯ ಇನ್ನೂ ಮೂವರು ಹೆಂಗಸರು ಅವಳ ಮಾತು ಕೇಳಿ ಪುಡಿ ತರಿಸಿದರು.

ಮತ್ತೆ ರಕ್ತ ತೋರಿಸಲಿಲ್ಲ. ವಾಸಿಯಾದ ಕಾಯಿಲೆಗೆ ಸೂಜಿ ಯಾಕೆ ಅಂದಳಂತೆ. ಸುಸ್ತು, ಬಾಯಾರಿಕೆ, ಹತ್ತು ಸಲ ಬಚ್ಚಲಿಗೆ ಓಡಾಟ. ಪುಸ್ತಿಕೆಯಲ್ಲಿ ಅದಕ್ಕೂ ಉತ್ತರ ಇತ್ತು: ಮೈಯೊಳಗಿನ ವಿಷ ಹೊರಗೆ ಹೋಗುವ ಲಕ್ಷಣ, ಹೆದರಬೇಡಿ, ಮುಂದುವರಿಸಿ. ಇದನ್ನೂ ಕನ್ನಡ ಮಾಡಿದವನು ನಾನೇ. ಕೆಡುಕಾದರೂ ಗುಣವಾದ ಗುರುತು ಎಂದು ಮೊದಲೇ ಹೇಳಿಟ್ಟುಬಿಟ್ಟರೆ ಆ ಔಷಧವನ್ನು ಸೋಲಿಸುವುದು ಯಾರಿಂದ ಸಾಧ್ಯ? ಬರೆಯುವಾಗ ಇದು ನನಗೆ ಹೊಳೆದಿತ್ತು, ಜಾಣತನ ಎಂದು ಮೆಚ್ಚಿಕೊಂಡಿದ್ದೆ.

ವರ್ಷಗಟ್ಟಲೆ ಸಕ್ಕರೆ ಇದ್ದವರ ಅಂಗಾಲಿಗೆ ಸ್ಪರ್ಶ ಕಡಿಮೆ. ಬರಿಗಾಲ ನಡಿಗೆಯಲ್ಲಿ ಗಾಜಿನ ಚೂರು ಹೊಕ್ಕದ್ದು ಅವಳಿಗೆ ತಿಳಿಯಲೇ ಇಲ್ಲ. ಕಲ್ಲೇಶ ವಾಸನೆ ಹಿಡಿದು ಕಾಲು ಎತ್ತಿ ನೋಡುವಷ್ಟರಲ್ಲಿ ಎರಡು ಬೆರಳು ಕಪ್ಪಾಗಿದ್ದವು.

ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಉಪೇಂದ್ರ ಅಕ್ಕನನ್ನೂ ಕಲ್ಲೇಶನನ್ನೂ ಇಳಿಸಿಕೊಂಡ. ಏನಾಗಿದೆ, ಹೇಗಾಯಿತು ಅಂತ ಒಂದೇ ಸಮ ಕೇಳಿದ. ಗುಳಿಗೆ ಬಿಟ್ಟು ತಿಂಗಳುಗಳಾದವು ಅಂದ ಕಲ್ಲೇಶ. ಜ್ವರದಲ್ಲಿ ಅಕ್ಕ ಕಣ್ಣು ಬಿಡುತ್ತಿರಲಿಲ್ಲ. "ಗುಳಗಿ ಯಾಕ ಬಿಡಿಸಿದ್ಯೋ ಕಲ್ಲೇಶಾ?" ಎಂದು ಸೋದರಳಿಯನನ್ನು ಜಾಡಿಸಿದ. ಕಲ್ಲೇಶ ದಂಗಾಗಿ ಅವನ ಮುಖ ನೋಡಿದ.

"ಮಾವಾ, ನೀವ ಹೇಳಿದ್ರಲ್ಲಾ?"

ಆಮೇಲೆ ಉಪೇಂದ್ರನೇ ನನಗೆ ಹೇಳಿದ್ದು ಇದು. ಆ ಮಾತು ಕೇಳಿ ತನಗೆ ಮೊದಲು ಅರ್ಥವೇ ಆಗಲಿಲ್ಲವಂತೆ. ಅರ್ಥವಾದ ಮೇಲೆ ಪ್ಲಾಟ್‌ಫಾರ್ಮಿನ ಮೇಲೆ ಕೂತುಬಿಟ್ಟನಂತೆ.

ನನಗೆ ಪರಿಚಯವಿದ್ದ ಡಾಕ್ಟರು ಚಿತ್ರಾ, ಉಡುಪಿಯ ಕಡೆಯ ಹೆಣ್ಣುಮಗಳು, ನಗರದ ಒಂದು ಆಸ್ಪತ್ರೆಯಲ್ಲಿದ್ದರು. ಉಪೇಂದ್ರ ಫೋನು ಮಾಡಿದಾಗ ಅಲ್ಲಿಗೇ ಕರೆತರಲು ಹೇಳಿ ನಾನೂ ಓಡಿದೆ. ರಕ್ತದ ಸಕ್ಕರೆ ನಾನೂರ ಎಪ್ಪತ್ತು. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆಯೂ ಕೆಟ್ಟದ್ದೇ ಹೇಳಿತು. ಸೋಂಕು ರಕ್ತಕ್ಕೆ ಇಳಿದಿತ್ತು. ಮೊಣಕಾಲ ಕೆಳಗೆ ಕಾಲು ತೆಗೆಯಬೇಕು, ತೆಗೆದರೂ ಉಳಿಯುವ ಭರವಸೆ ಕೊಡಲಾರೆ ಅಂದರು ಚಿತ್ರಾ. ಗುಳಿಗೆ ಬಿಡಿಸಿದ್ದು ಯಾರು ಅಂತ ಕೇಳಿದಾಗ ಕಲ್ಲೇಶ ಚೀಲದಿಂದ ಡಬ್ಬಿ ತೆಗೆದು ಮೇಜಿನ ಮೇಲೆ ಇಟ್ಟ.

"ಟೀವಿಯಲ್ಲಿ ಡಾಕ್ಟರೇ ಹೇಳಿದ್ದು ಮೇಡಂ" ಅಂದೆ ನಾನು. ಹೌದು, ನಾನೇ ಅಂದೆ. ಬಾಯಿ ಎಷ್ಟು ಬೇಗ ದಾರಿ ಹುಡುಕುತ್ತದೆ ನೋಡಿ.

"ಯಾವ ಡಾಕ್ಟರು?" ಚಿತ್ರಾ ದನಿ ಏರಿಸಲಿಲ್ಲ. "ಹೆಸರು ಹೇಳಿ, ರಿಜಿಸ್ಟರ್ ನಂಬರು ಹೇಳಿ, ಯಾವ ಆಸ್ಪತ್ರೆ ಹೇಳಿ. ನಿಜವಾದ ಡಾಕ್ಟರು ಟೀವಿಯಲ್ಲಿ ಔಷಧ ಮಾರುವ ಹಾಗೇ ಇಲ್ಲ, ನಮ್ಮ ನಿಯಮದಲ್ಲೇ ನಿಷೇಧ ಉಂಟು. ಮಾರುತ್ತಿದ್ದಾರೆ ಅಂದರೆ ಡಾಕ್ಟರಲ್ಲ, ಅಥವಾ ನಿಯಮ ಮುರಿದ ಡಾಕ್ಟರು. ಎರಡರಲ್ಲಿ ಯಾವುದೇ ಆದರೂ ನೀವು ಯಾಕೆ ನಂಬಬೇಕು?"

"ಗುಣ ಆದವರನ್ನ ತೋರಿಸಿದ್ರು ಮೇಡಂ, ಹುಬ್ಬಳ್ಳಿ ಮಾಸ್ತರು" ಅಂದ ಕಲ್ಲೇಶ.

"ಗುಣ ಆಗದವರನ್ನು ತೋರಿಸಿದರಾ? ಎಷ್ಟು ಜನಕ್ಕೆ ಕೊಟ್ಟರು, ಕೊಡದೇ ಇದ್ದವರ ಜೊತೆ ಹೋಲಿಸಿ ನೋಡಿದರಾ, ಎಲ್ಲಿ ಬರೆದಿಟ್ಟಿದ್ದಾರೆ? ಸಕ್ಕರೆ ಕಾಯಿಲೆ ಬೇರು ಸಮೇತ ತೆಗೆಯುವ ಪುಡಿ ಇದ್ದಿದ್ದರೆ ನಾನು ಯಾಕೆ ಈ ಕಾಲು ಕತ್ತರಿಸಬೇಕು?" ಆಮೇಲೆ ಅವರು ಮೆತ್ತಗಾದರು. "ಅಮ್ಮ ಟೀವಿ ನೋಡಿದ್ದು ತಪ್ಪಲ್ಲ. ಗುಳಿಗೆ ಬಿಡಿ ಅಂದಾಗ ಗುಳಿಗೆ ಬರೆದುಕೊಟ್ಟವರನ್ನ ಒಂದು ಮಾತು ಕೇಳಬೇಕಿತ್ತು. ಅಷ್ಟೇ."

ಹುಬ್ಬಳ್ಳಿಯ ಮೇಷ್ಟ್ರನ್ನು ಹುಟ್ಟಿಸಿದವನು ಅಲ್ಲೇ ನಿಂತಿದ್ದ.

ಉಪೇಂದ್ರ ಡಬ್ಬಿ ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹೋಗಿ, ಕನ್ನಡಕ ಏರಿಸಿ, ಫ್ಯಾಕ್ಟರಿಯಲ್ಲಿ ನೋಡುವ ಹಾಗೆ ಆರೂ ಮಗ್ಗುಲು ತಿರುಗಿಸಿದ. ಬ್ಯಾಚ್ ನಂಬರಿಲ್ಲ. ಔಷಧ ತಯಾರಿಸುವ ಲೈಸೆನ್ಸಿನ ನಂಬರಿಲ್ಲ. ಏನೇನು ಎಷ್ಟೆಷ್ಟು ಬೆರೆಸಿದೆ ಎಂದಿಲ್ಲ. ತಾರೀಖಿನ ಮೇಲೆ ಇನ್ನೊಂದು ತಾರೀಖಿನ ಚೀಟಿ ಅಂಟಿಸಿದೆ. ವಿಳಾಸಕ್ಕೆ ಒಂದು ಊರಿನ ಹೆಸರು, ಒಂದು ಅಂಚೆ ಪೆಟ್ಟಿಗೆಯ ನಂಬರು. "ನಮ್ಮ ಬೆಲ್ಟಿನ ಮ್ಯಾಲೆ ಇಂಥಾದ್ದೊಂದು ಬಂದಿದ್ರ ಲೈನ್ ನಿಂದರಿಸಿ ಸೈರನ್ ಹೊಡೀತಿದ್ದೆ ರಾಯರ" ಅಂದ. "ಒಂದ ಸಲಾನೂ ಡಬ್ಬಿ ತೋರಸ್ರಿ ಅಂತ ಕೇಳಲಿಲ್ಲ ನಾ. ಒಂದ ಸಲ."

ಸಂಜೆ ಆಸ್ಪತ್ರೆಯ ಎದುರಿನ ಉಡುಪಿ ಹೋಟೆಲಿಗೆ ಅವನನ್ನು ಎಳೆದುಕೊಂಡು ಹೋದೆ, ಬೆಳಿಗ್ಗೆಯಿಂದ ನೀರೂ ಕುಡಿದಿರಲಿಲ್ಲ. ಅಲ್ಲಿ ಕನ್ನಡದ ಚಾನೆಲ್ಲು ಹಾಕಿದ್ದರು. ಕಾಫಿ ಬರುವ ಮೊದಲೇ ಅದು ಬಂತು. ಬಿಳಿ ಕೋಟು, ಉಪೇಂದ್ರನ ದನಿ, ಅಕ್ಕಾರ, ಅಣ್ಣಾರ. ಪಕ್ಕದ ಮೇಜಿನ ವಯಸ್ಸಾದವರೊಬ್ಬರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಫೋನ್ ನಂಬರು ಬರೆದುಕೊಳ್ಳತೊಡಗಿದರು. ಉಪೇಂದ್ರ ಎದ್ದುಹೋಗಿ ಅವರ ಕೈ ಹಿಡಿದ.

"ಬರಕೋಬ್ಯಾಡ್ರಿ. ಸುಳ್ಳದು. ಆ ಮಾತಾಡಾಕತ್ತಾನಲ್ಲ, ಅಂವ ನಾನ."

ಅವರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು. ಕೆದರಿದ ತಲೆ, ಫ್ಯಾಕ್ಟರಿಯ ಅಂಗಿ. "ದನಿ ನಿಮ್ಮದೇ ಇರಬಹುದು ಸ್ವಾಮಿ. ಹೇಳ್ತಿರೋದು ಡಾಕ್ಟರಲ್ಲವೆ? ಕೂತ್ಕೊಳ್ಳಿ, ಕೇಳಿಸ್ತಾ ಇಲ್ಲ." ಕೈ ಬಿಡಿಸಿಕೊಂಡು ಉಳಿದ ಅಂಕಿಗಳನ್ನು ಬರೆದುಕೊಂಡರು. ಉಪೇಂದ್ರ ಟೀವಿಯ ಕಡೆ ನೋಡಿದ, ಅವರ ಕಡೆ ನೋಡಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಹೋದ ಮಾತು ದಿನಕ್ಕೆರಡು ಸಲ ತಿರುಗಿ ಬಂದು ಎದುರಿಗೇ ನಿಂತರೆ ಏನು ಮಾಡಬೇಕು ಅಂತ ಯಾವ ಗಾದೆಯೂ ಹೇಳಿಲ್ಲ.

ಆಪರೇಷನ್ನಿಗೆ ಮುಂಚೆ ಗದಿಗೆಮ್ಮನಿಗೆ ಸ್ವಲ್ಪ ಎಚ್ಚರವಿತ್ತು. ಉಪೇಂದ್ರ ಹಾಸಿಗೆಯ ಅಂಚಿಗೆ ಕೂತು ಎಲ್ಲವನ್ನೂ ಹೇಳಿದ. ಫ್ಯಾಕ್ಟರಿಗೂ ಪುಡಿಗೂ ಸಂಬಂಧವಿಲ್ಲ, ಯಾರೋ ಬರೆದದ್ದನ್ನು ಓದಿದೆ, ಓದುವುದಷ್ಟೇ ನನ್ನ ಕೆಲಸ, ಆ ಡಾಕ್ಟರೂ ಸುಳ್ಳು. ಹೇಳುತ್ತ ಹೇಳುತ್ತ ಮಗುವಿನ ಹಾಗೆ ಬಿಕ್ಕಿದ. ನಾನು ಬಾಗಿಲಲ್ಲಿದ್ದೆ.

"ಡಾಕ್ಟರ್ ಸುಳ್ಳಾದ್ರ ಆಗಲಿ ಬಿಡು" ಅಂದಳು ಗದಿಗೆಮ್ಮ. "ಡಾಕ್ಟರ್ ಹೇಳ್ಯಾನಂತ ನಾ ತಗೊಂಡಿಲ್ಲ. ಅಂಥಾ ಡಾಕ್ಟರಗೋಳು ದಿನಾ ಬರ್ತಾರ ಟೀವ್ಯಾಗ. ನೀ ಹೇಳೀಯಂತ ತಗೊಂಡೆ." ಮತ್ತೆ, "ನಮ್ಮ ಓಣ್ಯಾಗ ಮೂರು ಮಂದಿ ಅದಾರ. ಮೊದಲ ಅವರಿಗೆ ಫೋನ್ ಹಚ್ಚು. ಇವತ್ತ ಹಚ್ಚು" ಅಂದಳು.

ಅವನು ಫೋನು ಹಚ್ಚಿದ. ಇಬ್ಬರು ಆವತ್ತೇ ಗುಳಿಗೆ ಶುರು ಮಾಡಿದರು. ಮೂರನೆಯವಳು, "ಗದಿಗೆಮ್ಮಕ್ಕ ಬಂದು ಹೇಳಲಿ, ಬಿಡ್ತೀನಿ" ಅಂದಳು.

ಕಾಲು ತೆಗೆದರು. ಐದನೆಯ ದಿನ ಮೂತ್ರಪಿಂಡ ಕೈಕೊಟ್ಟಿತು, ಏಳನೆಯ ದಿನ ಗದಿಗೆಮ್ಮ ತೀರಿಕೊಂಡಳು. ಶಹಾಪುರಕ್ಕೆ ವ್ಯಾನಿನಲ್ಲಿ ಒಯ್ದರು. ನಾನು ಹೋಗಲಿಲ್ಲ. ಮಂಡಿ ನೋವು ಅಂತ ಹೇಳಿದೆ.

ತಿಂಗಳಾದ ಮೇಲೆ ಉಪೇಂದ್ರ ನಮ್ಮ ಮನೆಗೆ ಬಂದ. ಗಲ್ಲ ಒಳಗೆ ಹೋಗಿತ್ತು. ಸ್ಟುಡಿಯೋಗೆ ಹೋಗಿ ಜಾಹೀರಾತು ನಿಲ್ಲಿಸಿ ಅಂದನಂತೆ. ಅದು ಏಜೆನ್ಸಿಯ ಆಸ್ತಿ ಅಂದರು. ಏಜೆನ್ಸಿಗೆ ಹೋದ. ಅದು ಮುಂಬೈಯದು ಅಂದರು. ಡಬ್ಬಿಯ ಮೇಲಿನ ಫೋನಿಗೆ ಮಾಡಿದರೆ ಒಬ್ಬ ಹುಡುಗಿ ನಯವಾಗಿ, ಎರಡು ಡಬ್ಬಿ ತೆಗೆದುಕೊಂಡರೆ ಮೂರನೆಯದು ಉಚಿತ ಎಂದಳು. "ಕಂಪ್ಲೇಂಟ್ ಕೊಡ್ತೀನಿ ರಾಯರ. ಔಷಧ ನಿಯಂತ್ರಣದವರ ಆಫೀಸಿಗೆ ನನ್ನ ಜೋಡಿ ಬರ್ರಿ. ತೆಲುಗಿನ್ಯಾಗ ಬರಿಯಾಕ ನನಗ ಬರಂಗಿಲ್ಲ." ಅವನು ಅದಕ್ಕೇ ಕರೆದನೋ, ಬೇರೆ ಏನಕ್ಕೆ ಕರೆದನೋ, ಆಗ ನಾನು ಯೋಚಿಸಲಿಲ್ಲ. ಹೋದೆ.

ಅಧಿಕಾರಿ ಮಧ್ಯವಯಸ್ಸಿನ ತೆಲುಗಿನವರು, ತಾಳ್ಮೆಯ ಮನುಷ್ಯ. ಗದಿಗೆಮ್ಮನ ಆಸ್ಪತ್ರೆಯ ಕಾಗದಗಳನ್ನು ಒಂದೊಂದಾಗಿ ಓದಿದರು. ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇವರು ಜಾಣರು" ಎಂದರು. "ಡಬ್ಬಿಯ ಮೇಲೆ ಸಕ್ಕರೆ ಕಾಯಿಲೆ ಅನ್ನುವ ಒಂದು ಅಕ್ಷರವಿಲ್ಲ ನೋಡಿ. ಸಣ್ಣದಾಗಿ ಆಹಾರ ಪೂರಕ ಅಂತ ಇದೆ, ಇದು ಔಷಧವಲ್ಲ ಅಂತಲೂ ಇದೆ. ಮಾತೆಲ್ಲ ಟೀವಿಯಲ್ಲಿ. ಹಿಡಿಯುವುದಾದರೆ ಆ ಮಾತನ್ನೇ ಹಿಡಿಯಬೇಕು."

ಕಲ್ಲೇಶ ತನ್ನ ಅಂಗಡಿಯಲ್ಲಿ ಜಾಹೀರಾತನ್ನು ಸಿಡಿಗೆ ಇಳಿಸಿ ಕಳಿಸಿದ್ದ. ಅಧಿಕಾರಿ ಕಂಪ್ಯೂಟರಿನಲ್ಲಿ ಹಾಕಿದರು. ನಾನು ತೆಲುಗಿನಲ್ಲಿ ಅರ್ಥ ಹೇಳಿದಂತೆ ಪೂರ್ತಿ ಕೇಳಿ, ನಿಲ್ಲಿಸಿ, ಒಂದು ಹಳೆಯ ಪುಸ್ತಕ ತೆರೆದರು. ಐವತ್ತನಾಲ್ಕನೇ ಇಸವಿಯ ಕಾನೂನಂತೆ. ಸಕ್ಕರೆ ಕಾಯಿಲೆ, ಕ್ಯಾನ್ಸರು, ಕುರುಡು, ಹೀಗೆ ಒಂದು ಪಟ್ಟಿ. ಈ ಕಾಯಿಲೆಗಳನ್ನು ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ ಅಪರಾಧ, ಬಾಯಲ್ಲಿ ಹೇಳಿದ್ದೂ ಜಾಹೀರಾತೇ. ನಾವಿಬ್ಬರೂ ಇಷ್ಟು ವರ್ಷ ಮಾಡಿದ ಕೆಲಸಕ್ಕೆ ನಾವು ಹುಟ್ಟುವ ಹೊತ್ತಿಗೇ ಕಾನೂನು ಇತ್ತು.

"ಕನ್ನಡದಲ್ಲಿ ಈ ಮಾತಾಡಿದ್ದು ಯಾರು, ಗೊತ್ತಾ?" ಎಂದು ಕೇಳಿದರು.

"ನಾನ ಸರ್" ಅಂದ ಉಪೇಂದ್ರ.

ಅವರು ಪೆನ್ನು ಕೆಳಗಿಟ್ಟರು. "ಇಂಥ ಜಾಹೀರಾತಿನಲ್ಲಿ ಯಾವ ಪಾಲು ತೆಗೆದುಕೊಂಡರೂ ತಪ್ಪೇ. ನೀವು ಹೇಳಿದ್ದನ್ನು ನಾನು ಬರೆದರೆ ನಿಮ್ಮ ಹೆಸರೂ ಕೇಸಿಗೆ ಬರಬಹುದು. ನಿಮ್ಮ ನೌಕರಿಗೂ ತೊಂದರೆ. ಸ್ವಲ್ಪ ಯೋಚಿಸಿ."

"ಯೋಚನಿ ಮಾಡೀನಿ. ಬರೀರಿ."

ಹೆಸರು, ತಂದೆಯ ಹೆಸರು, ಫ್ಯಾಕ್ಟರಿ, ಮನೆಯ ವಿಳಾಸ. ಒಂದೊಂದನ್ನೂ ಅವನು ನಿಧಾನವಾಗಿ, ಮೈಕಿನ ಮುಂದೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿದ. ಬರೆದು ಮುಗಿಸಿ ಅಧಿಕಾರಿ ಕೇಳಿದರು, "ಸರಿ, ಓದಿದವರು ನೀವು. ಈ ಮಾತುಗಳನ್ನು ಕನ್ನಡದಲ್ಲಿ ಬರೆದುಕೊಟ್ಟವರು ಯಾರು?"

ಉಪೇಂದ್ರ ಉತ್ತರ ಕೊಡಲಿಲ್ಲ. ನನ್ನ ಕಡೆ ತಿರುಗಲೂ ಇಲ್ಲ. ಮೇಜಿನ ಮೇಲಿನ ಡಬ್ಬಿಯನ್ನು ನೋಡುತ್ತ ಸುಮ್ಮನೆ ಕೂತ. ಅವನು ಕಾಯುತ್ತಿದ್ದಾನೆ ಅಂತ ನನಗೆ ತಿಳಿಯಿತು. ಅವನ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ನನಗೆ ಮನೆ ನೆನಪಾಯಿತು, ಪಿಂಚಣಿ ನೆನಪಾಯಿತು, ನೆರೆಹೊರೆಯವರ ಮುಖಗಳು ನೆನಪಾದವು. ಒಂದು ಮಾತು ಸಾಕಿತ್ತು, ಅಧಿಕಾರಿ ಅವಸರ ಮಾಡಲಿಲ್ಲ, ಇಬ್ಬರೂ ನನಗೆ ಬೇಕಾದಷ್ಟು ಹೊತ್ತು ಕೊಟ್ಟರು.

"ಗೊತ್ತಿಲ್ರಿ" ಅಂದ ಉಪೇಂದ್ರ ಕೊನೆಗೆ.

ಅಧಿಕಾರಿ ಗೊತ್ತಿಲ್ಲ ಎಂದು ಬರೆದುಕೊಂಡರು. ಸಾಕ್ಷಿಯ ಸಹಿಗೆ ಕಾಗದವನ್ನು ನನ್ನ ಕಡೆ ಸರಿಸಿದರು. ನಾನು ಸಹಿ ಹಾಕಿದೆ.